ಹೆಸರಿಗೂ ಒಂದು ಹುಟ್ಟಿದ ವರ್ಷ ಇರುತ್ತದೆ: ಕಲಬುರಗಿ ಸೀಮೆಯ ಕಾದಂಬರಿಗೆ ಪಾತ್ರಗಳ ಹೆಸರು ಇಡುವ ಬಗೆ

ನನ್ನ ಮೊದಲ ಕಾದಂಬರಿಯ ಕರಡು 1790ರಲ್ಲಿ ಶುರುವಾಗುತ್ತಿತ್ತು. ಕಲಬುರಗಿಯಿಂದ ಒಂದು ದಿನದ ಬಂಡಿ ದಾರಿಯ ಹಳ್ಳಿ. ಕಟ್ಟೆಯ ಮೇಲೆ ಅರವತ್ತು ವರ್ಷದ ಒಬ್ಬ ಮುತ್ಯಾ ಕೂತಿದ್ದಾನೆ. ಅವನ ಹೆಸರು ಶರಣಬಸಪ್ಪ. ನಮ್ಮ ಕಡೆ ಇದಕ್ಕಿಂತ ಸಹಜವಾದ ಹೆಸರು ಬೇರೆ ಇಲ್ಲ ಅಂದುಕೊಂಡು ಬರೆದಿದ್ದೆ. ಕರಡು ಓದಿದ ಹಿರಿಯರೊಬ್ಬರು ಮೊದಲ ಪುಟದಲ್ಲೇ ಬೆರಳಿಟ್ಟರು. "ಶರಣರು ಹುಟ್ಟಿದ್ದೇ ಇವನಕಿಂತ ಆಮ್ಯಾಲೆ. ಇವನ ತೊಟ್ಟಿಲದಾಗ ಅವರ ಹೆಸರು ಯಾರು ಇಟ್ರಪಾ?"

ಲೆಕ್ಕ ಹಾಕಿದೆ. 1790ಕ್ಕೆ ಅರವತ್ತು ಅಂದರೆ ಮುತ್ಯಾ ಹುಟ್ಟಿದ್ದು 1730ರಲ್ಲಿ. ಕಲಬುರಗಿಯ ಶರಣಬಸವೇಶ್ವರರು ಜೇವರ್ಗಿ ತಾಲೂಕಿನ ಅರಳಗುಂಡಗಿಯಲ್ಲಿ ಹುಟ್ಟಿದ್ದು 1746ರಲ್ಲಿ, ಲಿಂಗೈಕ್ಯರಾದದ್ದು 1822ರಲ್ಲಿ. ಬಸವಣ್ಣನವರ ಕಾಲದಿಂದಲೂ 'ಶರಣ' ಇದೆ, 'ಬಸವ' ಇದೆ, ಎರಡನ್ನೂ ಯಾರೋ ಕೂಡಿಸಿರಬಹುದು ಅಂತ ವಾದ ಮಾಡಬಹುದಿತ್ತು. ಆದರೆ ಈ ಸೀಮೆಯ ಓದುಗನಿಗೆ ಆ ಹೆಸರು ಕೇಳಿದ ಕೂಡಲೇ ಕಣ್ಣಮುಂದೆ ಬರುವುದು ಶರಣಬಸವೇಶ್ವರರ ಗುಡಿ. ವಾದದಲ್ಲಿ ಗೆದ್ದರೂ ಪುಟದಲ್ಲಿ ಸೋಲುತ್ತಿದ್ದೆ. ಹೆಸರು ಬದಲಾಯಿಸಿದೆ.

ಅಲ್ಲಿಂದ ನಾನು ಒಂದು ಕ್ರಮ ಮಾಡಿಕೊಂಡಿದ್ದೇನೆ. ಅದನ್ನು ಒಂದೇ ಉದಾಹರಣೆ ಹಿಡಿದು ಹೇಳುತ್ತೇನೆ. ಕಥೆಯ ಕಾಲ 1938, ನಿಜಾಮರ ಆಳ್ವಿಕೆ. ಊರು ಕಲ್ಪಿತ, ಆದರೆ ಜಾಗ ಗೊತ್ತಿದೆ: ಅಫಜಲಪುರದ ಕಡೆ, ಭೀಮಾ ನದಿ ದಂಡೆ, ಘತ್ತರಗಿಗೂ ಗಾಣಗಾಪುರಕ್ಕೂ ನಡೆದು ಹೋಗುವಷ್ಟು ಹತ್ತಿರ.

ಮೊದಲು: ಕಥೆ ನಡೆಯುವ ವರ್ಷ ಬಿಡಿ, ಪಾತ್ರ ಹುಟ್ಟಿದ ವರ್ಷ ಬರೆಯಿರಿ

ಎಲ್ಲರೂ ಮಾಡುವ ತಪ್ಪು ಇದು. 1938ರ ಕಥೆ ಅಂತ 1938ರ ಹೆಸರುಗಳನ್ನು ಹುಡುಕುತ್ತೇವೆ. ಆದರೆ ಹೆಸರು ಇಡುವುದು ತೊಟ್ಟಿಲಲ್ಲಿ. ಅರವತ್ತೆಂಟರ ಮುತ್ಯಾನ ಹೆಸರು 1870ರದ್ದು. ಮೂವತ್ತರ ಸೊಸೆಯ ಹೆಸರು 1908ರದ್ದು. ಎಂಟು ವರ್ಷದ ಮೊಮ್ಮಗನದ್ದು ಮಾತ್ರ 1930ರದ್ದು. ಒಂದೇ ಮನೆಯಲ್ಲಿ ಮೂರು ಕಾಲದ ಹೆಸರುಗಳು ಊಟಕ್ಕೆ ಕೂರಬೇಕು. ಎಲ್ಲರ ಹೆಸರೂ ಒಂದೇ ಕಾಲದ್ದಾಗಿ ಕೇಳಿಸಿದರೆ ಏನೋ ತಪ್ಪಿದೆ ಅಂತಲೇ ಅರ್ಥ.

ಹಾಗಾಗಿ ಒಂದು ಹಾಳೆಯಲ್ಲಿ ಪಾತ್ರ, ಹುಟ್ಟಿದ ವರ್ಷ, ಹುಟ್ಟಿದ ಊರು, ಇಷ್ಟು ಬರೆದುಕೊಳ್ಳಿ. ಹೆಸರಿನ ಜಾಗ ಖಾಲಿ ಇರಲಿ. ಹುಟ್ಟಿದ ಊರು ಯಾಕೆ ಅಂದರೆ, ಸೊಸೆಯಂದಿರು ಬೇರೆ ಊರಿನವರು. ಅವರ ಹೆಸರು ತವರಿನಿಂದ ಬಂದಿರುತ್ತದೆ.

ಎರಡನೆಯದು: ಜಾತ್ರೆಯ ನಕ್ಷೆ

ಹಳ್ಳಿಯ ಹೆಸರುಗಳಲ್ಲಿ ಬಹಳಷ್ಟು ನಡೆದು ಹೋಗಬಹುದಾದ ದೇವರಿಂದ ಬರುತ್ತವೆ. ಹರಕೆ ಹೊತ್ತ ದೇವರ ಹೆಸರೇ ಕೂಸಿಗೆ. ಆದ್ದರಿಂದ ನಿಮ್ಮ ಊರನ್ನು ನಡುವೆ ಇಟ್ಟು, ಸುತ್ತಲಿನ ಗುಡಿ, ದರ್ಗಾ, ಮಠಗಳನ್ನು ಗುರುತಿಸಿ. ಪ್ರತಿಯೊಂದರ ಪಕ್ಕ ಅದರಿಂದ ಹುಟ್ಟುವ ಹೆಸರುಗಳನ್ನು ಬರೆಯಿರಿ.

ನನ್ನ ಊರಿಗೆ ಘತ್ತರಗಿಯ ಭಾಗ್ಯವಂತಿ ಹತ್ತಿರ. ಹಾಗಾದರೆ ಭಾಗಮ್ಮ, ಭಾಗಪ್ಪ, ಭಾಗ್ಯವಂತಿ. ಗಾಣಗಾಪುರದ ದತ್ತಾತ್ರೇಯ ಹತ್ತಿರ. ಹಾಗಾದರೆ ಬ್ರಾಹ್ಮಣರ ಮನೆಗಳಲ್ಲಿ ದತ್ತಾತ್ರೇಯ, ದತ್ತೋಪಂತ, ನರಸಿಂಗರಾವ್. ಸ್ವಲ್ಪ ದೂರದ ಕಲಬುರಗಿಯಿಂದ ಶರಣಪ್ಪ, ಶರಣಮ್ಮ. ಇದೇ ಊರನ್ನು ಯಾದಗಿರಿ ಕಡೆ ಸರಿಸಿ ನೋಡಿ, ಪಟ್ಟಿಯೇ ಬದಲಾಗುತ್ತದೆ. ಮೈಲಾಪುರದ ಮೈಲಾರಲಿಂಗ, ತಿಂಥಣಿಯ ಮೌನೇಶ್ವರ ಬರುತ್ತಾರೆ. ಮೋನಪ್ಪ, ಮೌನೇಶ ಹುಟ್ಟುತ್ತಾರೆ. ಅಲ್ಲಿ ಹಣಮಪ್ಪನ ಜೊತೆಗೆ ಭೀಮರಾಯ ಜಾಸ್ತಿ. ಆ ಕಡೆ ಭೀಮರಾಯ ಅಂದರೂ ಹನುಮಂತ ದೇವರೇ. ಶಹಾಪುರದ ಬಳಿಯ ಭೀಮರಾಯನಗುಡಿ ಅನ್ನುವ ಹೆಸರೇ ಅದಕ್ಕೆ ಸಾಕ್ಷಿ. ಬೀದರ ಕಡೆ ಸರಿಸಿದರೆ ಹುಮನಾಬಾದಿನ ವೀರಭದ್ರನಿಂದ ವೀರಭದ್ರಪ್ಪ, ಮಾಣಿಕಪ್ರಭುಗಳಿಂದ ಮಾಣಿಕಪ್ಪ, ಮಾಣಿಕರಾವ್, ಮಾಣಿಕಬಾಯಿ.

ಈ ನಕ್ಷೆಗೆ ಇನ್ನೊಂದು ಕೆಲಸ ಇದೆ, ಅದೇ ನನಗೆ ತಡವಾಗಿ ಹೊಳೆದದ್ದು. ಸಂತರಿಗೆ ಇಸವಿ ಇರುತ್ತದೆ. ಮಾಣಿಕಪ್ರಭುಗಳ ಕಾಲ 1817ರಿಂದ 1865. ಅವರ ಮೇಲಿನ ಭಕ್ತಿಯಿಂದ ಇಟ್ಟ ಹೆಸರು ಅಂತ ನೀವು ಕಥೆಯಲ್ಲಿ ಹೇಳುವುದಾದರೆ, ಆ ಪಾತ್ರ 1800ರಲ್ಲಿ ಹುಟ್ಟಿರಲು ಸಾಧ್ಯವಿಲ್ಲ. ಮಾಣಿಕ ಅನ್ನುವ ಪದ ಹಳೆಯದು ನಿಜ, ಆದರೆ ಕಾರಣ ಹೊಸದು. ಹಾಗೆಯೇ ಖಾಜಾ ಬಂದೇನವಾಜರು ಕಲಬುರಗಿಗೆ ಬಂದದ್ದು 1400ರ ಸುಮಾರಿಗೆ. ಖಾಜಪ್ಪ ಅನ್ನುವ ಹೆಸರು ಅದಕ್ಕಿಂತ ಹಿಂದಕ್ಕೆ ಹೋಗುವುದಿಲ್ಲ. ಯಲ್ಲಮ್ಮ, ಮಲ್ಲಯ್ಯ, ನಾಗಪ್ಪ, ಇಂಥ ದೇವರುಗಳಿಗೆ ಈ ತೊಂದರೆ ಇಲ್ಲ. ಇಸವಿಯ ಬಗ್ಗೆ ಅನುಮಾನ ಬಂದಾಗ ನಾನು ಸಂತರನ್ನು ಬಿಟ್ಟು ಈ ದೇವರುಗಳ ಕಡೆ ಸರಿಯುತ್ತೇನೆ.

ಖಾಜಪ್ಪ ಅಂದಾಗ ಹೊರಗಿನ ಓದುಗರು ಹುಬ್ಬೇರಿಸುತ್ತಾರೆ. ನಮ್ಮವರು ಏರಿಸುವುದಿಲ್ಲ. ಹುಸೇನಪ್ಪ, ಪೀರಪ್ಪ, ಫಕೀರಪ್ಪ, ಇವರೆಲ್ಲ ಹಿಂದೂ ಮನೆಗಳಲ್ಲಿ ಹುಟ್ಟಿದವರು. ಮೊಹರಮ್ಮಿನಲ್ಲಿ ಹರಕೆ ಹೊತ್ತು ಹುಟ್ಟಿದ ಮಗನಿಗೆ ಇನ್ನೇನು ಹೆಸರು ಇಡುತ್ತಾರೆ? ಸಂಪಾದಕರು ಇದನ್ನು ಅಚ್ಚಿನ ದೋಷ ಅಂತ ತಿದ್ದಲು ಬಂದರೆ ಬಿಟ್ಟುಕೊಡಬೇಡಿ.

ಮೂರನೆಯದು: ಹಳೆಯ ಕಾಗದದಲ್ಲಿ ಹೋಲಿಸಿ ನೋಡಿ

ನಕ್ಷೆಯಿಂದ ಬಂದದ್ದು ಊಹೆ. ಅದನ್ನು ಪರೀಕ್ಷಿಸಲು ಸುಲಭವಾಗಿ ಸಿಗುವುದು ಜಮೀನಿನ ಕಾಗದ. ಹಳೆಯ ಹೈದರಾಬಾದ್ ರಾಜ್ಯದ 1950ರ ದಶಕದ ಖಾಸ್ರಾ ಪಹಣಿ ಯಾರದಾದರೂ ಮನೆಯ ಟ್ರಂಕಿನಲ್ಲಿ ಇದ್ದರೆ, ಅದರಲ್ಲಿರುವ ಹೆಸರುಗಳನ್ನು ಬರೆದುಕೊಳ್ಳಿ. ಅಲ್ಲಿ ಜಮೀನು ಹೊಂದಿದವನು ಐವತ್ತು ವರ್ಷದವನು ಅಂತ ಇಟ್ಟುಕೊಂಡರೆ ಹುಟ್ಟಿದ್ದು 1905ರ ಆಸುಪಾಸು. ಅವನ ತಂದೆಯ ಹೆಸರೂ ಪಕ್ಕದಲ್ಲೇ ಇರುತ್ತದೆ, ಅವನು 1870–80ರವನು. ಒಂದೇ ಸಾಲಿನಲ್ಲಿ ಎರಡು ತಲೆಮಾರು ಸಿಕ್ಕಿತು. ನಲವತ್ತು ಸಾಲು ಬರೆದುಕೊಂಡರೆ ಆ ಊರಿನ ಹೆಸರುಗಳ ರುಚಿ ನಾಲಿಗೆಗೆ ಹತ್ತುತ್ತದೆ. ಯಾವುದು ಐದು ಸಲ ಬಂತು, ಯಾವುದು ಒಂದೇ ಸಲ ಬಂತು ಅಂತ ನೋಡಿ. ಕಥೆಯಲ್ಲಿ ಒಂದೇ ಸಲ ಬಂದ ಹೆಸರುಗಳನ್ನೇ ಆರಿಸುವ ಚಪಲ ಬರುತ್ತದೆ, ಚೆನ್ನಾಗಿ ಕೇಳಿಸುತ್ತವಲ್ಲ. ಒಂದೆರಡು ಸಾಕು.

ಈ ಕಾಗದಕ್ಕೆ ಒಂದು ದೊಡ್ಡ ಕುರುಡು ಇದೆ. ಅದರಲ್ಲಿ ಇರುವವರು ಭೂಮಿ ಇದ್ದವರು, ಹೆಚ್ಚಾಗಿ ಗಂಡಸರು. ಹೆಂಗಸರು ಮತ್ತು ಭೂಮಿ ಇಲ್ಲದವರು ಕಾಣುವುದಿಲ್ಲ. ಹೆಂಗಸರ ಹೆಸರಿಗೆ ನಾನು ಮುದುಕಿಯರ ಹತ್ತಿರ ಕೂರುತ್ತೇನೆ. "ಆಯಿ, ನಿಮ್ಮ ಅತ್ತಿ ಹೆಸರೇನು? ಅವರ ಅತ್ತಿ ಹೆಸರೇನು?" ಅಂತ ಕೇಳಿದರೆ ನೂರು ವರ್ಷ ಹಿಂದಕ್ಕೆ ಹೋಗಬಹುದು. ಅತ್ತೆಯ ಹೆಸರು ಬಾಯಲ್ಲಿ ಹೇಳಲು ಕೆಲವರು ಹಿಂಜರಿಯುತ್ತಾರೆ, ಆಗ ಪಕ್ಕದಲ್ಲಿದ್ದ ಮೊಮ್ಮಗಳನ್ನು ಕೇಳಬೇಕು. ಇನ್ನೊಂದು ದಾರಿ ಹೆಳವರು. ಮನೆತನಗಳ ವಂಶಾವಳಿ ಒಪ್ಪಿಸುತ್ತ ಊರೂರು ತಿರುಗುವವರು ಇವರು. ಸುಗ್ಗಿಯ ನಂತರ ನಿಮ್ಮ ಮನೆಗೆ ಬಂದರೆ ಕಾಳು ಕೊಟ್ಟು ಕಳಿಸಿಬಿಡಬೇಡಿ, ಕೂರಿಸಿಕೊಂಡು ಬರೆದುಕೊಳ್ಳಿ.

ನಾಲ್ಕನೆಯದು, ನನಗೆ ಮುಖ್ಯವಾದದ್ದು: ಯಾರ ಬಾಯಲ್ಲಿ ಆ ಹೆಸರು ಹೇಗೆ ಬರುತ್ತದೆ

ಹೊಸಬರು ಕೇಳುವ ಪ್ರಶ್ನೆ ಒಂದೇ: "ಗೌಡರಿಗೆ ಯಾವ ಹೆಸರು, ಆಳಿಗೆ ಯಾವ ಹೆಸರು?" ಪ್ರಶ್ನೆಯೇ ಸ್ವಲ್ಪ ಸೊಟ್ಟ. ಮಲ್ಲಪ್ಪ ಗೌಡರ ವಾಡೆಯಲ್ಲೂ ಇದ್ದಾನೆ, ಕೇರಿಯಲ್ಲೂ ಇದ್ದಾನೆ. ಹರಕೆ ಹೊತ್ತ ದೇವರು ಇಬ್ಬರಿಗೂ ಒಂದೇ. ವ್ಯತ್ಯಾಸ ಇರುವುದು ಹೆಸರಿನ ಬಾಲದಲ್ಲಿ, ಮತ್ತು ಕರೆಯುವವನ ಬಾಯಲ್ಲಿ.

ಬಾಲದ ವಿಷಯ ಬೇಗ ಹೇಳಿಬಿಡುತ್ತೇನೆ. ಪಾಟೀಲರ ಮನೆಯಲ್ಲಿ ಬಸಪ್ಪ ಬಸನಗೌಡನಾಗುತ್ತಾನೆ. ಜಂಗಮರ ಮನೆಯಲ್ಲಿ ಸಿದ್ದಯ್ಯ, ರಾಚಯ್ಯ. ಕುಲಕರ್ಣಿ ಮನೆಯಲ್ಲಿ ಹಣಮಂತರಾವ್. ಸುರಪುರದ ಕಡೆ ಬೇಡರ ಅರಸು ಮನೆತನದಲ್ಲಿ ನಾಯಕ: 1858ರ ದಂಗೆಯ ರಾಜಾ ವೆಂಕಟಪ್ಪ ನಾಯಕರ ಹೆಸರು ಎಲ್ಲರಿಗೂ ಗೊತ್ತಲ್ವಾ. ತಾಂಡಾದಲ್ಲಿ ಹುಟ್ಟಿದ ವಾರದಿಂದ ಸೋಮ್ಲಾ, ಮಂಗ್ಲಾ ಬರುತ್ತಾರೆ. ಹಳ್ಳಿಯ ಮುಸ್ಲಿಮರಲ್ಲಿ ಲಾಲಸಾಬ, ಮೌಲಾಸಾಬ, ಹುಸೇನಬಿ. ಹೆಂಗಸರಿಗೆ ಕಲಬುರಗಿ ಸುತ್ತ ಅಮ್ಮ, ಬೀದರ ಕಡೆ ಹೋದಂತೆ ಬಾಯಿ ಹೆಚ್ಚು. ಧಾರವಾಡದ ಅವ್ವನನ್ನು ಇಲ್ಲಿಗೆ ಸುಮ್ನೆ ಎತ್ತಿಕೊಂಡು ಬರಬೇಡಿ. ಬೆಂಗಳೂರು ಕಡೆಯ ತಿಮ್ಮೇಗೌಡ, ಮುನಿಯಪ್ಪರಂತೂ ಇಲ್ಲಿ ದಾರಿ ತಪ್ಪಿ ಬಂದವರ ಹಾಗೆ ಕಾಣುತ್ತಾರೆ. ನಮ್ಮಲ್ಲಿ ಗೌಡ ಅಂದರೆ ಊರ ಮುಖ್ಯಸ್ಥ, ಹಳೇ ಮೈಸೂರಿನ ಒಕ್ಕಲಿಗರ ಹೆಸರಿನ ತುದಿಯಲ್ಲ.

ಈಗ ಬಾಯಿ. ನನ್ನ ಕಾದಂಬರಿಯಲ್ಲಿ ಒಬ್ಬ ದಲಿತ ಜೀತದಾಳು ಇದ್ದಾನೆ. ಹುಟ್ಟಿದ್ದು 1895ರಲ್ಲಿ. ಹೆಸರು ಸಾಯಬಣ್ಣ. ಆ ಹೆಸರು ನಮ್ಮ ಸೀಮೆಯದೇ, ಆದ್ದರಿಂದ ಆರಿಸಿದೆ. ಕೇರಿಯಲ್ಲಿ ಅವನು ಸಾಯಬಣ್ಣ. ಚಿಕ್ಕವರಿಗೆ ಸಾಯಬಣ್ಣ ಕಾಕಾ. ಗೌಡನ ವಾಡೆಯಲ್ಲಿ ಅವನು ಸಾಯ್ಬ್ಯಾ. ಗೌಡನ ಹತ್ತು ವರ್ಷದ ಮಗನೂ ಅವನನ್ನು ಸಾಯ್ಬ್ಯಾ ಅಂತಲೇ ಕೂಗುತ್ತಾನೆ. ಆ ಒಂದು 'ಬ್ಯಾ' ಹೇಳುವುದನ್ನು ಎರಡು ಪುಟದ ವಿವರಣೆ ಹೇಳಲಾರದು. ಅವನ ಹೆಂಡತಿ ಯಲ್ಲಮ್ಮ, ವಾಡೆಯಲ್ಲಿ ಯಲ್ಲಿ. ಅವಳು ಗಂಡನ ಹೆಸರನ್ನು ಇಡೀ ಕಾದಂಬರಿಯಲ್ಲಿ ಒಂದು ಸಲವೂ ಹೇಳುವುದಿಲ್ಲ.

ನನ್ನ ಹಾಳೆಯಲ್ಲಿ ಈಗ ಪ್ರತಿ ಪಾತ್ರದ ಮುಂದೆ ನಾಲ್ಕು ಮನೆಗಳಿವೆ. ಮನೆಯವರು ಏನಂತಾರೆ, ಸರಿಸಮಾನರು ಏನಂತಾರೆ, ಮೇಲಿನವರು ಏನಂತಾರೆ, ಕಾಗದದಲ್ಲಿ ಏನಿದೆ. ಗೌಡನ ಸಾಲಿನಲ್ಲಿ 'ಮೇಲಿನವರು' ಅನ್ನುವ ಮನೆ ಬಹುತೇಕ ಖಾಲಿ. ತಹಸೀಲ್ದಾರನ ಮುಂದೆ ಮಾತ್ರ ಅದು ತುಂಬುತ್ತದೆ, ಅಲ್ಲಿ ಬಸನಗೌಡ ಬರೀ 'ಪಟೇಲ್' ಆಗುತ್ತಾನೆ. ತಹಸೀಲ್ದಾರ ಹೈದರಾಬಾದಿನಿಂದ ಬಂದವನು, ಹೆಸರು ಸೈಯದ್ ಅಕ್ಬರ್ ಹುಸೇನ್. ಊರವರು ಯಾರೂ ಆ ಹೆಸರು ಹೇಳುವುದಿಲ್ಲ, ಅವನು ತಹಸೀಲ್ದಾರ ಸಾಹೇಬ ಅಷ್ಟೆ. ಅವನ ಹೆಸರಿನ ಕೊನೆಗೆ 'ಜಂಗ್' ಅಂತ ಸೇರಿಸಿ ಠೀವಿ ಕೊಡೋಣ ಅನಿಸಿತ್ತು. ಜಂಗ್, ದೌಲಾ, ಮುಲ್ಕ್, ಇವು ನಿಜಾಮರು ಕೊಡುತ್ತಿದ್ದ ಬಿರುದುಗಳು, ಅವುಗಳಲ್ಲಿ ಮೇಲುಕೆಳಗು ಇತ್ತು. ತಾಲೂಕಿನ ಅಧಿಕಾರಿಯ ಹೆಗಲಿಗೆ ಅವನ್ನು ಹಾಕಿದರೆ ಗೊತ್ತಿದ್ದವರು ನಗುತ್ತಾರೆ.

ಇನ್ನು ಕಾಗದದ ಮನೆ. ನಿಜಾಮರ ಕಚೇರಿಯ ಭಾಷೆ ಉರ್ದು. ಅಲ್ಲಿ ಇಂಥವನ ಮಗ ಇಂಥವನು ಅನ್ನುವುದಕ್ಕೆ 'ವಲದ್' ಬರುತ್ತದೆ: ಮಲ್ಲಪ್ಪ ವಲದ್ ಸಿದ್ದಪ್ಪ. ಇವತ್ತಿಗೂ ನಮ್ಮ ಕಡೆಯ ಕಾಗದಗಳಲ್ಲಿ 'ಮಲ್ಲಪ್ಪ ತಂದೆ ಸಿದ್ದಪ್ಪ', 'ಶಾಂತಾಬಾಯಿ ಗಂಡ ಮಲ್ಲಪ್ಪ' ಅಂತಲೇ ಬರೆಯುವುದು. ಹಳೇ ಮೈಸೂರಿನ 'ಬಿನ್' ಮತ್ತು 'ಕೋಂ' ಇಲ್ಲಿ ಹಾಕಿದರೆ ಆ ಕಾಗದ ಬೇರೆ ರಾಜ್ಯದ್ದಾಗಿಬಿಡುತ್ತದೆ. ಉರ್ದು ಲಿಪಿಯಲ್ಲಿ ಳ ಇಲ್ಲ, ಣ ಇಲ್ಲ ಅನ್ನುವುದನ್ನೂ ನೆನಪಿಡಿ. ಭೀಮಣ್ಣ ಭೀಮನ್ನ ಆಗುತ್ತಾನೆ. ಮಡಿವಾಳಪ್ಪ ಮಡಿವಾಲಪ್ಪ. ಊರು ಕಾಯುವ ತಳವಾರ ಓದುವಾಗ ತಲವಾರ್, ಅಂದರೆ ಕತ್ತಿ. ಇದರಲ್ಲಿ ಒಂದು ಒಳ್ಳೆಯ ದೃಶ್ಯ ಇದೆ. ನಾನು ಬಳಸಿಕೊಂಡಿದ್ದೇನೆ, ನೀವೂ ಬಳಸಿಕೊಳ್ಳಿ.

ಐದನೆಯದು: ಮನೆಯೊಳಗಿನ ಕಟ್ಟಳೆ

ಹೆಸರು ಆರಿಸಿ ಆಯಿತು ಅಂದುಕೊಂಡಾಗ ನನಗೆ ಇನ್ನೊಂದು ಪೆಟ್ಟು ಬಿತ್ತು. 1938ರ ಮುತ್ಯಾನಿಗೆ ಶರಣಪ್ಪ ಅಂತ ಇಟ್ಟೆ. ಹುಟ್ಟಿದ್ದು 1870, ಶರಣರು ಹೋಗಿ ನಲವತ್ತೆಂಟು ವರ್ಷ, ಇಸವಿ ಸರಿಯಾಗಿದೆ. ಪ್ರೀತಿಯಿಂದ ಮೊಮ್ಮಗನಿಗೂ ಅದೇ ಹೆಸರು ಇಟ್ಟೆ. ಆದರೆ ನಮ್ಮ ಕಡೆ ಸಾಮಾನ್ಯವಾಗಿ ಹೋದವರ ಹೆಸರನ್ನು ಮಕ್ಕಳಿಗೆ ಇಡುತ್ತಾರೆ, ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತವರದ್ದಲ್ಲ. ಮುತ್ಯಾ ಬದುಕಿದ್ದಾನೆ. ಹಾಗಾಗಿ ಮೊಮ್ಮಗನಿಗೆ ಮುತ್ಯಾನ ಅಪ್ಪನ ಹೆಸರು ಕೊಟ್ಟೆ: ಗುರಪ್ಪ. ಶಾಲೆಯ ಪಟ್ಟಿಯಲ್ಲಿ ಮಾಸ್ತರು ಅದನ್ನು ಗುರುಲಿಂಗಪ್ಪ ಅಂತ ಉದ್ದ ಮಾಡುತ್ತಾರೆ. ಆ ಕಾಲದ ಹುಡುಗನಿಗೆ ರಮೇಶ, ಸುರೇಶ ಬೇಡ. ಗೌಡರ ಮನೆಯ ಹುಡುಗನೊಬ್ಬ ಹೊರಗೆ ಓದಿ ಬಂದಿದ್ದರೆ ಅವನ ಮಗುವಿಗೆ ಬಸವರಾಜ ಅನ್ನಬಹುದು, ಹಳ್ಳಿಯಲ್ಲಿ ಅದು ಹೊಸ ಗಾಳಿಯಂತೆ ಕೇಳಿಸಲಿ. ಆರ್ಯಸಮಾಜದ ಮನೆಯಾದರೆ ವೇದದ ಕಡೆಯ ಹೆಸರು ಬರಬಹುದು. 1938–39ರಲ್ಲೇ ಅವರ ಸತ್ಯಾಗ್ರಹ ಹೈದರಾಬಾದ್ ಸಂಸ್ಥಾನದಲ್ಲಿ ನಡೆದದ್ದು.

ಸೊಸೆ ಹುಮನಾಬಾದ್ ಕಡೆಯವಳು. ಮಾಣಿಕಬಾಯಿ. ಆ 'ಬಾಯಿ' ಅವಳ ತವರನ್ನು ಹೇಳುತ್ತದೆ. ಮದುವೆಯಾಗಿ ಹತ್ತು ವರ್ಷದಲ್ಲಿ ಊರವರು ಅವಳನ್ನು ಮಾಣಿಕಮ್ಮ ಮಾಡಿದ್ದಾರೆ. ತವರಿನ ಅಣ್ಣ ಬಂದಾಗ ಮಾತ್ರ ಅಂಗಳದಲ್ಲಿ 'ಮಾಣಿಕಾ' ಅನ್ನುವ ದನಿ ಕೇಳಿಸುತ್ತದೆ, ಅವಳು ಒಳಗಿನಿಂದ ಓಡಿ ಬರುತ್ತಾಳೆ.

ಈ ಸೊಸೆ ಮಾವನ ಹೆಸರು ಹೇಳುವಂತಿಲ್ಲ. ಮಾವ ಶರಣಪ್ಪ. ಹಾಗಾದರೆ ಕಲಬುರಗಿಯ ಶರಣರ ಜಾತ್ರೆಗೆ ಹೋಗೋಣ ಅಂತ ಗಂಡನಿಗೆ ಹೇಗೆ ಹೇಳುತ್ತಾಳೆ? ಇಲ್ಲಿ ನಾನು ಒಂದು ವಾರ ಸಿಕ್ಕಿಕೊಂಡಿದ್ದೆ. ಉತ್ತರ ಬಾಯಲ್ಲೇ ಇತ್ತು. ಕಲಬುರಗಿಯ ಜನ ಶರಣಬಸವೇಶ್ವರರನ್ನು ಕರೆಯುವುದೇ ಅಪ್ಪ ಅಂತ. "ಅಪ್ಪನ ಜಾತ್ರಿಗಿ ಈ ಸಲ ಹೋಗಾಮು" ಅಂದಳು, ದೃಶ್ಯ ನಡೆಯಿತು.

ಒಂದೇ ಹೆಸರು ನಾಲ್ಕು ಜನಕ್ಕೆ ಬಂದಾಗ

ನಿಜವಾದ ಊರಿನಲ್ಲಿ ಮಲ್ಲಪ್ಪಗಳು ಏಳು ಜನ ಇರುತ್ತಾರೆ. ಕಾದಂಬರಿಯಲ್ಲಿ ಇಬ್ಬರಿದ್ದರೂ ಓದುಗ ಹಿಂದಿನ ಪುಟ ತಿರುವುತ್ತಾನೆ. ಮುಖ್ಯ ಪಾತ್ರಗಳ ಮೊದಲ ಅಕ್ಷರ ಬೇರೆ ಬೇರೆ ಇರಲಿ: ಶರಣಪ್ಪ, ಭಾಗಮ್ಮ, ಮಾಣಿಕಬಾಯಿ, ಗುರಪ್ಪ, ದತ್ತೋಪಂತ, ಲಾಲಸಾಬ. ಹಿನ್ನೆಲೆಯಲ್ಲಿ ಬರುವವರಿಗೆ ಊರವರು ಮಾಡುವ ಉಪಾಯವನ್ನೇ ಮಾಡಿ. ಕರೇ ಮಲ್ಲಪ್ಪ, ಮ್ಯಾಗಿನಮನಿ ಮಲ್ಲಪ್ಪ, ಕುಂಟ ಮಲ್ಲಪ್ಪ. ಅಡ್ಡಹೆಸರು ಹಾಕುವಾಗ ಮಾತ್ರ ಅದರ ಹುಟ್ಟನ್ನೂ ನೋಡಿ. ಪಾಟೀಲ, ಕುಲಕರ್ಣಿ ಅನ್ನುವುವು ಹುದ್ದೆಗಳಾಗಿದ್ದವು. ಗುತ್ತೇದಾರ ಅಂದರೆ ಗುತ್ತಿಗೆ ಹಿಡಿದವನು, ನಮ್ಮ ಕಡೆ ಹೆಚ್ಚಾಗಿ ಸೇಂದಿಯ ಗುತ್ತಿಗೆ. ಆ ಗುತ್ತಿಗೆಯ ವ್ಯವಸ್ಥೆಯೇ ಇಲ್ಲದ ಕಾಲಕ್ಕೆ ಆ ಅಡ್ಡಹೆಸರನ್ನು ಒಯ್ದರೆ ಮುತ್ಯಾ ಶರಣಬಸಪ್ಪನ ಕಥೆಯೇ ಮತ್ತೆ.

ಇನ್ನೂ ಹಿಂದಕ್ಕೆ, 12ನೆಯ ಶತಮಾನದ ಕಲ್ಯಾಣಕ್ಕೆ ಹೋಗುವವರು ಈ ಪಟ್ಟಿಯನ್ನು ಇಲ್ಲೇ ಬಿಟ್ಟು ಹೋಗಬೇಕು. ಅಲ್ಲಿ ನಿಮಗೆ ದಾರಿ ತೋರಿಸುವವರು ವಚನಕಾರರು: ಮೇದಾರ ಕೇತಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ, ಕದಿರ ರೆಮ್ಮವ್ವೆ. ಕೆಲಸ ಹೆಸರಿನ ಮುಂದೆ ನಿಲ್ಲುತ್ತದೆ, ಅಯ್ಯ ಅವ್ವೆಗಳು ಹಿಂದೆ. ಶಾಸನಗಳಲ್ಲಿ ಬ್ರಹ್ಮ ಬಮ್ಮನಾಗಿರುತ್ತಾನೆ. ಅದು ಬೇರೆಯದೇ ಕೆಲಸ.

ಕೊನೆಗೆ ಒಂದು ಪರೀಕ್ಷೆ. ಮಾತುಕತೆ ಇರುವ ಪುಟಗಳನ್ನು ಮಾತ್ರ ತೆಗೆದುಕೊಂಡು, ಪ್ರತಿ ಹೆಸರಿನ ಕೆಳಗೆ ಗೆರೆ ಎಳೆದು ಜೋರಾಗಿ ಓದಿ. ಈ ಬಾಯಿ ಈ ಹೆಸರನ್ನು ಹೀಗೆ ಅನ್ನುತ್ತದಾ ಅಂತ ಹಾಳೆಯ ನಾಲ್ಕು ಮನೆಗಳ ಜೊತೆ ಹೋಲಿಸಿ. ಹಾಗೆ ಓದುವಾಗಲೇ ನನ್ನ ಕಚೇರಿಯ ದೃಶ್ಯ ತಪ್ಪಿದ್ದು ಗೊತ್ತಾಯಿತು. ಜಗಳದ ಸಾಕ್ಷಿಗೆ ಸಾಯಬಣ್ಣನನ್ನು ಕರೆಸಿದ್ದಾರೆ. ಮೊದಲ ಕರಡಿನಲ್ಲಿ ಹೆಸರು ಕೂಗಿದ ಕೂಡಲೇ ಅವನು ಎದ್ದು ನಿಲ್ಲುತ್ತಿದ್ದ. ಈಗ ಜವಾನ ಬಾಗಿಲಲ್ಲಿ ನಿಂತು ಉರ್ದು ಕಾಗದ ನೋಡಿ ಕೂಗುತ್ತಾನೆ, "ಸಾಯಬನ್ನಾ ವಲದ್ ಮರೆಪ್ಪಾ". ಸಾಯಬಣ್ಣ ಗೋಡೆಗೆ ಒರಗಿ ಕೂತೇ ಇದ್ದಾನೆ, ಯಾರನ್ನೋ ಕರೆಯುತ್ತಿದ್ದಾರೆ ಅಂತ. ಎರಡನೆಯ ಸಲ ಕೂಗಿದರೂ ಏಳಲಿಲ್ಲ. ಆಮೇಲೆ ಒಳಗಿನಿಂದ ಗೌಡ ಹೊರಗೆ ಬಂದು "ಏ ಸಾಯ್ಬ್ಯಾ" ಅಂದ. ಅವನು ಎದ್ದ.